ಜಗುಲಿಯ ಮೇಲಿನ ಮದುವೆ ಫೋಟೋ: ಮೊಮ್ಮಗಳಿಗೆ ಬರೆದ ಪತ್ರ

ಪ್ರೀತಿಯ ಪುಟ್ಟಿ,

ನಡುಮನೆಯ ಬಾಗಿಲ ಮೇಲಿರುವ ಫೋಟೋದಲ್ಲಿ ಯಾರ್ಯಾರಿದ್ದಾರೆ ಅಂತ ನೀನು ಕೇಳಿದ್ದೆ. ಫೋನಿನಲ್ಲಿ ಹೇಳಿ ಮುಗಿಸುವ ವಿಷಯ ಅಲ್ಲ ಅದು, ಅದಕ್ಕೇ ಬರೆಯುತ್ತಿದ್ದೇನೆ. ಮದುವೆ ನನ್ನ ಅಪ್ಪ ಅಮ್ಮನದ್ದು. ಅಂದರೆ ನಿನ್ನ ಮುತ್ತಜ್ಜ ಮುತ್ತಜ್ಜಿಯದ್ದು. 1958ರ ಬೇಸಿಗೆ. ಜಾಗ ಸಾಗರ ತಾಲೂಕಿನ ಕರೂರು ಸೀಮೆಯಲ್ಲಿದ್ದ ನಮ್ಮ ಹಳೇ ಮನೆಯ ಜಗುಲಿ. ಆ ಮನೆ ಈಗ ಲಿಂಗನಮಕ್ಕಿ ಹಿನ್ನೀರಿನ ಅಡಿಯಲ್ಲಿದೆ. ಆ ಮನೆಯದ್ದು ಅಂತ ನಮ್ಮ ಹತ್ತಿರ ಇರುವ ಚಿತ್ರ ಇದೊಂದೇ. ಹಾಗಾಗಿ ಜನರನ್ನಷ್ಟೇ ತೋರಿಸಿ ಬಿಟ್ಟರೆ ಅರ್ಧ ಹೇಳಿದ ಹಾಗಾಗುತ್ತದೆ. ಹಿಂದಿನ ಗೋಡೆ, ಪಕ್ಕದ ಕಂಬ, ಕಾಲ ಬಳಿ ಇಟ್ಟಿರುವ ಕೊಳಗ, ಇವನ್ನೂ ನೀನು ನೋಡಬೇಕು.

ನೀನು ಕೇಳಿದ ಮೇಲೆ ನಾನು ಮೊದಲು ಮಾಡಿದ ಕೆಲಸ ಫೋಟೋವನ್ನು ಗೋಡೆಯಿಂದ ಇಳಿಸಿದ್ದು. ಮಲೆನಾಡಿನ ಮಳೆಗಾಲ ಎಷ್ಟು ಸಲ ಕಂಡಿದೆಯೋ ಆ ಫ್ರೇಮು. ಹಿಂದಿನ ರಟ್ಟು ಕಂದು ಬಣ್ಣಕ್ಕೆ ತಿರುಗಿ ಪುಡಿಪುಡಿ ಆಗಿತ್ತು. ಸಣ್ಣ ಮೊಳೆಗಳನ್ನು ಒಂದೊಂದಾಗಿ ಕಿತ್ತು ರಟ್ಟು ತೆಗೆದೆ. ಫೋಟೋ ಮಾತ್ರ ಗಾಜಿಗೆ ಅಂಟಿಕೊಂಡಿತ್ತು, ಎಲ್ಲಾ ಕಡೆ ಅಲ್ಲ, ಬಲಗಡೆಯ ಕೆಳ ಮೂಲೆಯಲ್ಲಿ ಒಂದು ಅಂಗೈಯಷ್ಟು. ಇಂಥ ಹಳೇ ಕಪ್ಪುಬಿಳುಪು ಫೋಟೋಗಳ ಮೇಲ್ಮೈಯಲ್ಲಿ ಜಿಲೆಟಿನ್ ಅನ್ನುವ ತೆಳು ಪದರ ಇರುತ್ತದೆ, ಚಿತ್ರ ಇರುವುದೇ ಅದರಲ್ಲಿ. ಥಂಡಿ ಹಿಡಿದರೆ ಅದು ಉಬ್ಬಿ ಮೆತ್ತಗಾಗಿ ಗಾಜಿಗೆ ಹತ್ತಿಕೊಳ್ಳುತ್ತದೆ, ಒಣಗಿದ ಮೇಲೆ ಬಿಡುವುದಿಲ್ಲ. ಎಳೆದರೆ ಚಿತ್ರ ಗಾಜಿನಲ್ಲಿ ಉಳಿಯುತ್ತದೆ, ಬರೀ ಕಾಗದ ಕೈಗೆ ಬರುತ್ತದೆ. ಇದನ್ನು ಹೇಳಿದವರು ಸಾಗರದಲ್ಲಿ ಹಿಂದೆ ಸ್ಟುಡಿಯೋ ನಡೆಸುತ್ತಿದ್ದ ಒಬ್ಬ ಹಿರಿಯರು. ನಿನ್ನ ಮಾವ ಅವರ ಮನೆಗೆ ಕರೆದುಕೊಂಡು ಹೋಗಿದ್ದ. ಅವರು ಕೈಗೆ ತೆಗೆದುಕೊಂಡವರೇ, "ಅಮ್ಮಾ, ನೀರು ಮುಟ್ಟಿಸಬೇಡಿ, ಚಾಕು ಹಾಕಬೇಡಿ, ಗಾಜಿನ ಸಮೇತ ಹಾಗೇ ಇರಲಿ" ಅಂದರು.

ಗಾಜಿನ ಮೇಲಿಂದಲೇ ಕಾಪಿ ತೆಗೆದಿದ್ದು. ಅದಕ್ಕೂ ಒಂದು ಕ್ರಮ ಇದೆ, ಮುಂದೆ ನಿನಗೆ ಬೇಕಾಗಬಹುದು ಅಂತ ಹೇಳುತ್ತೇನೆ. ಫೋಟೋವನ್ನು ಮೇಜಿನ ಮೇಲೆ ಮಲಗಿಸಿ, ಎರಡು ಪಕ್ಕದಿಂದ ಓರೆಯಾಗಿ ಎರಡು ದೀಪ ಇಟ್ಟರು. ಮೇಲಿನಿಂದ ನೇರ ಬೆಳಕು ಬಿದ್ದರೆ ಗಾಜು ಹೊಳೆಯುತ್ತದೆ. ಕ್ಯಾಮೆರಾದ ಲೆನ್ಸಿನ ಸುತ್ತ ಒಂದು ಕಪ್ಪು ಬಟ್ಟೆ ಇಳಿಬಿಟ್ಟರು, ಕ್ಯಾಮೆರಾದ ನೆರಳು, ನಮ್ಮ ಮುಖ ಗಾಜಿನಲ್ಲಿ ಕಾಣಬಾರದು ಅಂತ. ಫ್ಲ್ಯಾಶ್ ಹಾಕಲಿಲ್ಲ. ಕಪ್ಪುಬಿಳುಪು ಚಿತ್ರವಾದರೂ ಕಲರ್‌ನಲ್ಲೇ ತೆಗೆದರು. ಎಲ್ಲಿ ಕಲೆ, ಎಲ್ಲಿ ನಿಜವಾದ ನೆರಳು ಅನ್ನುವುದು ಬಣ್ಣದಿಂದಲೇ ಗೊತ್ತಾಗುತ್ತದಂತೆ. ಕಲೆ ಹಳದಿ ಮಿಶ್ರ ಕಂದು, ಅಂಚಿನಲ್ಲಿ ನೀಲಿ ಹೊಳಪು. ಆ ಹೊಳಪು ಚಿತ್ರದೊಳಗಿನ ಬೆಳ್ಳಿಯೇ ಮೇಲೆ ಬಂದು ಕೂತದ್ದು. ಹಳೇ ಫೋಟೋವನ್ನು ಓರೆ ಹಿಡಿದರೆ ಅಂಚು ಕನ್ನಡಿ ಥರ ಮಿಂಚುವುದನ್ನು ನೀನೂ ನೋಡಿರಬೇಕು.

ಆ ಕಾಪಿಯನ್ನು ನಿನ್ನ ಮಾವನ ಲ್ಯಾಪ್‌ಟಾಪಿನಲ್ಲಿ ಹಾಕಿಕೊಂಡು ದೊಡ್ಡದು ಮಾಡಿ ಕೂತೆ. ಹುಟ್ಟಿದಾಗಿನಿಂದ ನೋಡುತ್ತಾ ಬಂದ ಫೋಟೋ. ಆದರೂ ಅದರಲ್ಲಿ ಅಷ್ಟೊಂದಿದೆ ಅಂತ ನನಗೆ ಗೊತ್ತಿರಲಿಲ್ಲ.

ಮೊದಲು ಗೋಡೆಯ ವಿಷಯ ಹೇಳುತ್ತೇನೆ. ಮದುಮಕ್ಕಳ ಹಿಂದೆ ಬಿಳಿ ಗೆರೆಗಳ ಚೌಕ ಕಾಣುತ್ತದಲ್ವಾ, ಅದು ಹಸೆ ಚಿತ್ತಾರ. ನಮ್ಮ ದೀವರ ಮನೆಗಳಲ್ಲಿ ಮದುವೆ ಅಂದರೆ ಗೋಡೆಗೆ ಹಸೆ ಬರೆಯಲೇಬೇಕು. ಅದರ ಮುಂದೆ ಮದುಮಕ್ಕಳನ್ನು ಕೂರಿಸುವುದು. ಬರೆಯುವವರು ಹೆಂಗಸರೇ. ಗೋಡೆಗೆ ಮೊದಲು ಕೆಮ್ಮಣ್ಣು ಬಳಿಯಬೇಕು. ಬಿಳಿಗೆ ಅಕ್ಕಿ ನೆನೆಸಿ ನುಣ್ಣಗೆ ಅರೆದ ಹಿಟ್ಟು. ಕಪ್ಪಿಗೆ ಅಕ್ಕಿಯನ್ನೇ ಕರಕಲಾಗುವ ತನಕ ಹುರಿದು, ನೆನೆಹಾಕಿ ಅರೆಯುವುದು. ಹಳದಿಗೆ ಗುರಿಗೆ ಕಾಯಿ. ಕುಂಚ ಪುಂಡಿ ನಾರಿನದ್ದು, ಬರೆಯುವವಳೇ ತನ್ನ ಕೈಗೆ ಒಗ್ಗುವಂತೆ ಕಟ್ಟಿಕೊಳ್ಳುತ್ತಾಳೆ. ನನಗೆ ಕಲಿಸಿದ್ದು ನನ್ನ ಅಮ್ಮ. ಅಮ್ಮನಿಗೆ ಕಲಿಸಿದ್ದು ಈ ಫೋಟೋದಲ್ಲಿ ಎಡ ತುದಿಯಲ್ಲಿ ಸೆರಗು ಹೊದ್ದು ನಿಂತಿರುವ ಅವಳ ಅತ್ತೆ, ನನ್ನ ಅಜ್ಜಿ. ಆ ಗೋಡೆ ಅವಳ ಕೈ ಕೆಲಸ.

ಆದರೆ ಹಸೆ ಬರೆಯುವುದು ಒಳಗೆ, ನಡುಮನೆಯ ಗೋಡೆಗೆ. ಇಲ್ಲಿ ಜಗುಲಿಯ ಗೋಡೆಯಲ್ಲಿದೆ. ಯಾಕೆ? ಇದಕ್ಕೆ ಅಮ್ಮ ಒಂದು ಕಥೆ ಹೇಳುತ್ತಿದ್ದಳು. ಮದುವೆ ಒಳಗೇ ಆಯಿತು, ಒಳಗಿನ ಗೋಡೆಯಲ್ಲಿ ಮೊದಲೇ ಬರೆದ ದೊಡ್ಡ ಹಸೆ ಇತ್ತು. ಪೇಟೆಯಿಂದ ಬಂದ ಫೋಟೋದವನು ಒಳಗೆ ಕತ್ತಲು, ಚಿತ್ರ ಬರುವುದಿಲ್ಲ, ಹೊರಗೆ ಬನ್ನಿ ಅಂದನಂತೆ. ಅಜ್ಜಿ ಒಪ್ಪಲಿಲ್ಲ. ಹಸೆ ಇಲ್ಲದೆ ಮದುಮಕ್ಕಳ ಫೋಟೋ ತೆಗೆಸುವುದಾದರೆ ಬೇಡವೇ ಬೇಡ ಅಂದಳು. ಅವನು ಬಸ್ಸಿಗೆ ಹೊತ್ತಾಯಿತು ಅಂತ ಗಡಿಬಿಡಿ ಮಾಡುತ್ತಿದ್ದ. ಆಗ ಅಜ್ಜಿ ಮತ್ತು ಅವಳ ನಾದಿನಿ ಸೇರಿ, ಉಳಿದಿದ್ದ ಹಿಟ್ಟಿನಲ್ಲಿ ಜಗುಲಿಯ ಗೋಡೆಗೆ ಇನ್ನೊಂದು ಹಸೆ ಬರೆದರು, ಎಲ್ಲರೂ ಊಟಕ್ಕೆ ಕೂತಿದ್ದ ಹೊತ್ತಿನಲ್ಲಿ.

ನಾನು ಇದನ್ನು ಕಥೆ ಅಂತಲೇ ಕೇಳಿದ್ದೆ. ಮದುವೆಯ ಬಗ್ಗೆ ಹೇಳುವಾಗ ಸ್ವಲ್ಪ ಬಣ್ಣ ಸೇರುತ್ತದೆ, ಸಹಜ. ಈಗ ದೊಡ್ಡದು ಮಾಡಿ ನೋಡಿದಾಗ ಗೋಡೆಯೇ ಅದನ್ನು ಹೇಳುತ್ತಿದೆ. ಚೌಕದ ಎಡಗಡೆ ನೋಡು. ಅಂಚಿಗೆ ಮೂರು ಎಳೆ, ಅದರೊಳಗೆ ನಿಲಿ, ಆಮೇಲೆ ಜೋಗಿ ಜಡೆ ಅನ್ನುವ ನಮೂನೆಗಳು, ಎಲ್ಲಾ ತುಂಬಿದೆ. ಗೆರೆ ಅಪ್ಪಟ ಬೆಳ್ಳಗೆ. ಬಲಗಡೆಗೆ ಬಾ. ಅಂಚಿಗೆ ಎರಡೇ ಎಳೆ. ನಿಲಿ ಅರ್ಧಕ್ಕೆ ನಿಂತಿದೆ. ಅದಕ್ಕಿಂತ ಮುಖ್ಯ, ಬಲಗಡೆಯ ಗೆರೆಗಳು ಮಂಕಾಗಿವೆ. ಮೊದಲು ಅಂದುಕೊಂಡೆ, ಫೋಟೋ ಮಾಸಿದೆ ಅಂತ. ಆದರೆ ಆ ಗೆರೆಗಳ ಪಕ್ಕದಲ್ಲೇ ನಿಂತಿರುವ ಹುಡುಗಿಯ ರವಿಕೆಯ ಚುಕ್ಕಿಗಳು ಕೂಡ ಎಣಿಸುವಷ್ಟು ಚೊಕ್ಕವಾಗಿವೆ. ಫೋಟೋ ಮಾಸಿದ್ದರೆ ಅವೂ ಮಾಸಬೇಕಿತ್ತಲ್ಲ.

ಅಕ್ಕಿ ಹಿಟ್ಟಿನಲ್ಲಿ ಬರೆದವರಿಗೆ ಇದು ತಕ್ಷಣ ಹೊಳೆಯುತ್ತದೆ. ಹಿಟ್ಟು ಹಸಿ ಇದ್ದಾಗ ಗೆರೆ ನೀರು ನೀರಾಗಿ, ಅಡಿಯ ಕೆಮ್ಮಣ್ಣು ಕಾಣುವ ಹಾಗೆ ಇರುತ್ತದೆ. ಏನು ಬರೆದೆ ಅಂತ ಬರೆದವಳಿಗೇ ಸರಿಯಾಗಿ ಕಾಣುವುದಿಲ್ಲ. ಒಣಗುತ್ತಾ ಬಂದ ಹಾಗೆ ಬಿಳುಪು ಏರುತ್ತದೆ. ಮೊದಲ ಸಲ ಬರೆಯುವ ಹುಡುಗಿಯರು ಗೆರೆ ಕಾಣಲಿಲ್ಲ ಅಂತ ಮತ್ತೆ ಮತ್ತೆ ಎಳೆದು ದಪ್ಪ ಮಾಡಿಬಿಡುತ್ತಾರೆ, ಒಣಗಿದ ಮೇಲೆ ಹಗ್ಗ ಬಿಟ್ಟ ಹಾಗೆ ಕಾಣುತ್ತದೆ. ಅಂದರೆ ಆ ಫೋಟೋ ತೆಗೆಯುವ ಹೊತ್ತಿಗೆ ಎಡಗಡೆ ಒಣಗಿತ್ತು, ಬಲಗಡೆ ಇನ್ನೂ ಹಸಿ ಇತ್ತು. ಅಜ್ಜಿ ಎಡದಿಂದ ಬಲಕ್ಕೆ ಬರೆಯುತ್ತಾ ಬಂದಳು, ಮುಗಿಸುವ ಮೊದಲೇ ಕರೆದರು. ಅವಳ ಬಲಗೈ ನೋಡು, ಸೆರಗಿನ ಒಳಗೆ ಇಟ್ಟುಕೊಂಡಿದ್ದಾಳೆ. ಬೆರಳಿಗೆ ಹಿಟ್ಟು ಅಂಟಿತ್ತೇನೋ ಅಂತ ನನಗನ್ನಿಸುತ್ತದೆ. ಅದು ನನ್ನ ಊಹೆ ಅಷ್ಟೇ. ಗೆರೆ ಹಸಿ ಇದ್ದದ್ದು ಊಹೆ ಅಲ್ಲ.

ಇನ್ನೊಂದು ವಿಷಯ. ಗೋಡೆ ಫೋಟೋದಲ್ಲಿ ಹೆಚ್ಚುಕಡಿಮೆ ಕಪ್ಪಗೆ ಕಾಣುತ್ತದೆ. ನಿನ್ನ ಅಮ್ಮ ಚಿಕ್ಕವಳಿದ್ದಾಗ ಹಳೇ ಮನೆಗೆ ಕಪ್ಪು ಬಣ್ಣ ಬಳಿದಿದ್ದರಾ ಅಂತ ಕೇಳಿದ್ದಳು. ಇಲ್ಲ, ಅದು ಕೆಂಪು. ಆ ಸ್ಟುಡಿಯೋದ ಹಿರಿಯರು ಹೇಳಿದ್ದು, ಆಗ ಸಣ್ಣ ಊರಿನವರು ಬಳಸುತ್ತಿದ್ದ ಕೆಲವು ಫಿಲ್ಮಿಗೆ ಕೆಂಪು ಬಣ್ಣ ಹಿಡಿಯುತ್ತಲೇ ಇರಲಿಲ್ಲ. ಕೆಂಪು ದೀಪದ ಬೆಳಕಿನಲ್ಲಿ ಕೂತು ಅದನ್ನು ತೊಳೆಯಬಹುದಿತ್ತು, ಕೆಲಸಕ್ಕೆ ಅನುಕೂಲ. ಆದರೆ ಚಿತ್ರದಲ್ಲಿ ಕೆಂಪು ಇದ್ದದ್ದೆಲ್ಲ ಕಪ್ಪಾಗಿ ಬರುತ್ತಿತ್ತು. ಅಮ್ಮನ ಹಣೆಯ ಕುಂಕುಮ ಕಪ್ಪು ಬೊಟ್ಟಿನ ಹಾಗೆ ಕಾಣುವುದು ಅದಕ್ಕೇ. ಅಂಥ ಫಿಲ್ಮಿನಲ್ಲಿ ಹಳದಿಯೂ ಮಂಕಾಗುತ್ತದೆ. ಅಮ್ಮ ಆ ಹಸೆಯಲ್ಲಿ ಗುರಿಗೆ ಕಾಯಿಯ ಹಳದಿ ಇತ್ತು ಅಂತ ಹೇಳುತ್ತಿದ್ದಳು, ನಾನು ಎಷ್ಟು ಹುಡುಕಿದರೂ ಸಿಗಲಿಲ್ಲ. ಜೋಗಿ ಜಡೆಯ ನಡುವೆ ಅಲ್ಲಲ್ಲಿ ಖಾಲಿ ಬಿಟ್ಟ ಹಾಗೆ ಕಾಣುವ ಜಾಗಗಳಿವೆಯಲ್ಲ, ಅಲ್ಲಿ ಹಳದಿ ತುಂಬಿರಬೇಕು. ಯಾವತ್ತಾದರೂ ಇದಕ್ಕೆ ಬಣ್ಣ ಹಾಕಿಸುವ ಯೋಚನೆ ಬಂದರೆ ಇದನ್ನು ನೆನಪಿಟ್ಟುಕೋ. ಸೀರೆ ಫೋಟೋದಲ್ಲಿ ಕಪ್ಪು, ನಿಜದಲ್ಲಿ ಅದು ಕೆಂಪು ಸೀರೆ.

ಈಗ ಜನ. ನಡುವೆ ಕೂತಿರುವವರು ಅಪ್ಪ ಅಮ್ಮ, ಬಾಸಿಂಗ ಕಟ್ಟಿಕೊಂಡು. ಅಮ್ಮನಿಗೆ ಆಗ ಹದಿನೇಳು ಇರಬಹುದು. ಬಲಗಡೆ ಮುಖ ಕದಡಿ ಹೋಗಿರುವ ಪುಟ್ಟ ಹುಡುಗ ನಿನ್ನ ಚಿಕ್ಕಜ್ಜ, ಅಪ್ಪನ ಕೊನೆಯ ತಮ್ಮ. ಅಲ್ಲಾಡಬೇಡ ಅಂದರೂ ತಿರುಗಿದ್ದಾನೆ. ಅವನ ಪಕ್ಕ ಅಪ್ಪನ ಸೋದರತ್ತೆ, ಹಸೆ ಬರೆಯಲು ಕೂಡಿಕೊಂಡವಳು. ಹಿಂದೆ ನಿಂತ ಗಂಡಸರು ನೆಂಟರು.

ಆ ಗಂಡಸರ ಪಂಚೆ ನೋಡು. ವಯಸ್ಸಾದವರದ್ದು ಮೊಣಕಾಲಿಗೇ ನಿಂತಿದೆ. ಅಪ್ಪನದ್ದು ಪಾದದವರೆಗೆ ಇಳಿದಿದೆ. ಅಪ್ಪ ಇದನ್ನು ಬೆರಳಿಟ್ಟು ತೋರಿಸುತ್ತಿದ್ದರು. ನಾವು ಗೇಣಿ ಒಕ್ಕಲು. ನೆಲ ಒಡೆಯರದ್ದು, ಉಳುಮೆ ನಮ್ಮದು. ಒಡೆಯರ ಎದುರು ಮೊಣಕಾಲ ಕೆಳಗೆ ಪಂಚೆ ಬಿಡುವ ಹಾಗಿರಲಿಲ್ಲ ಅಂತ ಅಪ್ಪ ಹೇಳುತ್ತಿದ್ದರು. ಬಿಡುವ ಧೈರ್ಯ ಬಂದದ್ದು ಕಾಗೋಡಿನ ಸತ್ಯಾಗ್ರಹದ ಮೇಲೆ. ಅದು 1951. ಸಾಗರದ ಹತ್ತಿರದ ಕಾಗೋಡು ಊರಿನಲ್ಲಿ ಎಚ್. ಗಣಪತಿಯಪ್ಪನವರ ಮುಂದಾಳತ್ವದಲ್ಲಿ ಗೇಣಿದಾರರು ಗದ್ದೆಗಿಳಿದು ಉತ್ತರು, ತಂಡ ತಂಡವಾಗಿ ಜೈಲಿಗೆ ಹೋದರು. ರಾಮಮನೋಹರ ಲೋಹಿಯಾ ಬಂದು ಅವರೂ ಬಂಧನಕ್ಕೊಳಗಾದರು. ನನ್ನ ಅಜ್ಜನೂ ಹೋಗಿದ್ದ.

ಅಜ್ಜ ಫೋಟೋದಲ್ಲಿ ಎಲ್ಲಿ ಅಂತ ಕೇಳುತ್ತೀಯ. ಎಡಗಡೆ ಕಂಬದ ಪಕ್ಕ ಕುಕ್ಕರಗಾಲಿನಲ್ಲಿ ಕೂತಿರುವವನು. ಅವನ ಮುಂದೆ ಒಂದು ಪಾತ್ರೆ ಥರದ್ದು ಇದೆ, ಭತ್ತ ತುಂಬಿದೆ. ಅದೇ ಕೊಳಗ. ಮದುವೆಯಲ್ಲಿ ಭತ್ತ ತುಂಬಿದ ಕೊಳಗ ಇಡುವುದು ಶುಭಕ್ಕೆ, ಸರಿ. ಆದರೆ ಅದನ್ನು ಹಸೆಯ ಮುಂದೆ ಇಡುತ್ತಾರೆ, ಯಾರೂ ತಮ್ಮ ಮುಂದೆ ಇಟ್ಟುಕೊಂಡು ಕೂರುವುದಿಲ್ಲ. ಅಜ್ಜ ಬೇಕಂತಲೇ ಇಟ್ಟುಕೊಂಡಿದ್ದ. ಕಾಗೋಡಿನ ಜಗಳದ ಮೂಲದಲ್ಲಿ ಇದ್ದದ್ದೇ ಈ ಕೊಳಗ. ಗೇಣಿ ಭತ್ತ ಅಳೆದುಕೊಳ್ಳುವಾಗ ಒಡೆಯರು ದೊಡ್ಡ ಕೊಳಗ ತರುತ್ತಿದ್ದರು. ಲೆಕ್ಕದಲ್ಲಿ ಅಷ್ಟೇ ಕೊಳಗ, ಕಣಜದಿಂದ ಹೋಗುವ ಭತ್ತ ಜಾಸ್ತಿ. ವರ್ಷವಿಡೀ ಮಳೆಯಲ್ಲಿ ನೆನೆದು ಬೆಳೆದದ್ದು ಅಳತೆಯ ಬಾಯಲ್ಲಿ ಹೋಗುತ್ತಿತ್ತು. ಸರಿಯಾದ ಅಳತೆಯ ಕೊಳಗದಲ್ಲೇ ಅಳೆಯಬೇಕು ಅಂತ ಒಕ್ಕಲು ಎದ್ದು ನಿಂತದ್ದು. ಅಜ್ಜ ಆಮೇಲೆ ತನ್ನದೇ ಒಂದು ಕೊಳಗ ಮಾಡಿಸಿಟ್ಟುಕೊಂಡ, ಅಳತೆ ಸರಿ ಇರುವಂಥದ್ದು. ಮಗನ ಮದುವೆಯ ಫೋಟೋಕ್ಕೆ ಅದನ್ನೇ ತಂದು ಕಾಲ ಬಳಿ ಇಟ್ಟ. ಒಂದು ಕೈ ಅದರ ಅಂಚಿನ ಮೇಲಿದೆ, ನೋಡು.

ಆ ಕೊಳಗ ಈಗ ಇಲ್ಲ. ಕಂಬ ಇದೆ.

ಹೌದು, ಅಜ್ಜನ ಪಕ್ಕದಲ್ಲಿರುವ ಕಂಬ. ನೀನು ಮಗುವಾಗಿದ್ದಾಗ ಹಿಡಿದುಕೊಂಡು ಸುತ್ತು ಹಾಕುತ್ತಿದ್ದೆಯಲ್ಲ, ನಮ್ಮ ಈಗಿನ ಜಗುಲಿಯ ಕಂಬ, ಅದೇ ಇದು. ಮುಳುಗಡೆ ಆಗುತ್ತದೆ ಅಂತ ಗೊತ್ತಾದ ಮೇಲೆ ಮನೆ ಬಿಚ್ಚಿದರು. ಹೆಂಚು, ತೊಲೆ, ಬಾಗಿಲು, ಕಂಬ, ಲಾರಿಯಲ್ಲಿ ಎಷ್ಟು ಹಿಡಿಯುತ್ತೋ ಅಷ್ಟು ಹೇರಿಕೊಂಡು ಬಂದರು. ಉಳಿದದ್ದು ಅಲ್ಲೇ ಬಿಟ್ಟರು. ಅಪ್ಪ ಹಾಗೆ ಹೇಳಿದ್ದರು, ಆದರೆ ಇದೇ ಕಂಬವಾ ಅಂತ ನನಗೆ ನೋಡಿಯೇ ತಿಳಿಯಬೇಕಿತ್ತು. ಫೋಟೋದಲ್ಲಿ ಕಂಬದ ಮೇಲ್ಭಾಗದಲ್ಲಿ ಒಂದು ಗಂಟು ಇದೆ, ಅದರಿಂದ ಓರೆಯಾಗಿ ಕೆಳಗೆ ಒಂದು ಸೀಳು, ಸೀಳಿನ ಕೊನೆಗೆ ಮೊಳೆ ಹೊಡೆದ ತೂತು. ನಮ್ಮ ಕಂಬಕ್ಕೆ ನಿನ್ನ ಮಾವ ಬಳಿದಿದ್ದ ಬಣ್ಣವನ್ನು ಸ್ವಲ್ಪ ಕೆರೆದೆ. ಗಂಟು ಇತ್ತು. ಸೀಳು ಇತ್ತು. ತೂತಿನಲ್ಲಿ ಈಗಲೂ ತುಕ್ಕು ಹಿಡಿದ ಮೊಳೆಯ ತುಂಡಿದೆ. ಆದರೆ ತಲೆಕೆಳಗಾಗಿ. ಇಲ್ಲಿ ನಿಲ್ಲಿಸುವಾಗ ಬುಡ ಗೆದ್ದಲು ಹಿಡಿದಿತ್ತು ಅಂತ ಕತ್ತರಿಸಿ ಮೇಲಿನ ತುದಿಯನ್ನು ಕೆಳಗೆ ಮಾಡಿರಬೇಕು. ನಾನು ಅಲ್ಲೇ ಮೆಟ್ಟಿಲ ಮೇಲೆ ಕೂತು ಅತ್ತೆ, ಪುಟ್ಟಿ.

ಆ ಕಂಬದಿಂದ ಇನ್ನೊಂದು ಉಪಯೋಗ ಆಯಿತು. ಅದರ ಅಗಲ ಟೇಪು ಹಿಡಿದು ಅಳೆದೆ, ಎಂಟು ಇಂಚು. ಕಾಪಿಯಲ್ಲಿ ಅದೇ ಕಂಬ 160 ಪಿಕ್ಸೆಲ್ ಅಗಲ. ಅಂದರೆ ಒಂದು ಇಂಚಿಗೆ 20 ಪಿಕ್ಸೆಲ್. ಆ ಕಂಬದಿಂದ ಬಲಗಡೆಯ ಕಂಬದವರೆಗೆ 1,920 ಪಿಕ್ಸೆಲ್ ಬಂತು. ಭಾಗಿಸಿದರೆ 96 ಇಂಚು, ಎಂಟು ಅಡಿ. ಹಳೇ ಮನೆಯ ಜಗುಲಿಯಲ್ಲಿ ಎರಡು ಕಂಬದ ನಡುವೆ ಎಂಟು ಅಡಿ ಇತ್ತು. ಜಗುಲಿಯಲ್ಲಿ ಆರು ಕಂಬ ಇದ್ದವು ಅಂತ ಅಮ್ಮ ಯಾವಾಗಲೂ ಹೇಳುತ್ತಿದ್ದಳು, ಹಾಗಾದರೆ ಐದು ಅಂಕಣ, ನಲವತ್ತು ಅಡಿಗಿಂತ ಜಾಸ್ತಿ ಉದ್ದದ ಜಗುಲಿ. ನೀನು ಇಂಜಿನಿಯರ್, ನಿನಗೆ ಇದು ಸಣ್ಣ ಲೆಕ್ಕ. ಆದರೆ ಒಂದು ಮಾತು, ಈ ಲೆಕ್ಕ ಕ್ಯಾಮೆರಾದಿಂದ ಕಂಬದಷ್ಟೇ ದೂರದಲ್ಲಿರುವ ವಸ್ತುಗಳಿಗೆ ಮಾತ್ರ ಸರಿ. ಗೋಡೆ ಕಂಬಕ್ಕಿಂತ ಹಿಂದಿದೆ, ಅದರ ಮೇಲಿನ ಹಸೆ ಫೋಟೋದಲ್ಲಿ ಚಿಕ್ಕದಾಗಿ ಕಾಣುತ್ತದೆ, ನಿಜದಲ್ಲಿ ದೊಡ್ಡದು. ಜಗುಲಿ ಎಷ್ಟು ಆಳ ಇತ್ತು ಅಂತ ಗೊತ್ತಾಗದೆ ಹಸೆಯ ಅಳತೆ ತೆಗೆಯಲು ಆಗುವುದಿಲ್ಲ.

ಮನೆಯ ಅಳತೆ ಯಾಕೆ ಬೇಕಿತ್ತು ಅಂದರೆ, ನಮಗೆ ಅಲ್ಲೊಂದು ಮನೆ ಇತ್ತು ಅನ್ನುವುದಕ್ಕೆ ನಮ್ಮ ಹೆಸರಿನ ಕಾಗದ ಕಡಿಮೆ. ಲಿಂಗನಮಕ್ಕಿ ಅಣೆಕಟ್ಟು 1964ರಲ್ಲಿ ಮುಗಿಯಿತು. ಅದಕ್ಕೂ ಮೊದಲು ಮಡೆನೂರಿನಲ್ಲಿ ಹಿರೇಭಾಸ್ಕರ ಅಣೆಕಟ್ಟು ಇತ್ತು, ಹೊಸ ನೀರಿನಲ್ಲಿ ಅದೂ ಮುಳುಗಿತು. ಬೇಸಿಗೆಯಲ್ಲಿ ನೀರು ತೀರಾ ಇಳಿದರೆ ಈಗಲೂ ಮೇಲೆ ಕಾಣುತ್ತದೆ. ನಾನು ಹುಟ್ಟಿದ್ದು ಹಳೇ ಮನೆಯಲ್ಲೇ, 1960ರಲ್ಲಿ. ನನಗೆ ಅಲ್ಲಿಯದ್ದು ಅಂತ ಏನೂ ನೆನಪಿಲ್ಲ, ಲಾರಿಯ ಮೇಲೆ ಹಾಸಿಗೆ ಗಂಟಿನ ಮೇಲೆ ಕೂರಿಸಿದ್ದು ಬಿಟ್ಟರೆ. ನೆಲ ಯಾರ ಹೆಸರಲ್ಲಿತ್ತೋ ಪರಿಹಾರ ಅವರಿಗೆ. ಗೇಣಿ ಒಕ್ಕಲಿಗೆ ರಸೀದಿ ಕೊಡುವ ಪದ್ಧತಿ ನಮ್ಮ ಕಡೆ ಇರಲಿಲ್ಲ, ಕೊಟ್ಟ ಭತ್ತಕ್ಕೆ ಬಾಯಿಮಾತೇ ಲೆಕ್ಕ. ತಲೆಮಾರುಗಳಿಂದ ಉತ್ತ ಗದ್ದೆಗೆ ನಮಗೆ ಹೇಳಿಕೊಳ್ಳುವಂಥ ಪರಿಹಾರ ಬರಲಿಲ್ಲ. ಕರೆತಂದು ಕಾಡಿನಲ್ಲಿ ಬಿಟ್ಟರು, ಇಲ್ಲಿ ಕಡಿದು ಮಾಡಿಕೊಳ್ಳಿ ಅಂತ.

ಇದರಲ್ಲಿ ನನ್ನನ್ನು ಜಾಸ್ತಿ ನೋಯಿಸುವುದು ಒಂದು ಇದೆ. ಉಳುವವನಿಗೇ ನೆಲ ಅನ್ನುವ ಕಾನೂನು, ದೇವರಾಜ ಅರಸರ ಕಾಲದ್ದು, ಜಾರಿಗೆ ಬಂದದ್ದು 1974ರಲ್ಲಿ. ಕಾಗೋಡಿನಲ್ಲಿ ಕೇಳಿದ್ದು ಕೊನೆಗೂ ಸಿಕ್ಕಿತು. ಸೀಮೆಯಲ್ಲಿ ಮುಳುಗದೆ ಉಳಿದ ಊರುಗಳ ಗೇಣಿದಾರರು ಡಿಕ್ಲರೇಷನ್ ಅರ್ಜಿ ಹಾಕಿ ಗದ್ದೆ ತಮ್ಮ ಹೆಸರಿಗೆ ಮಾಡಿಸಿಕೊಂಡರು. ನಮ್ಮ ಗದ್ದೆ ನೀರಿನಡಿ ಹತ್ತು ವರ್ಷದಿಂದ ಇತ್ತು. ಯಾವ ಗದ್ದೆಗೆ ಅರ್ಜಿ ಹಾಕುವುದು? ಜೈಲಿಗೆ ಹೋಗಿ ಬಂದ ಅಜ್ಜನಿಗೆ ಒಂದು ಗುಂಟೆಯೂ ಬರಲಿಲ್ಲ. ಇತ್ತ ಕಾಡಿನಲ್ಲಿ ಕಡಿದು ಮಾಡಿಕೊಂಡ ಜಾಗ ದಾಖಲೆಯಲ್ಲಿ ಕಾಡಾಗಿಯೇ ಉಳಿಯಿತು. 1980ರಲ್ಲಿ ಕೇಂದ್ರದ ಅರಣ್ಯ ಕಾಯ್ದೆ ಬಂತು, ಆಮೇಲೆ ಕಾಡಿನ ಜಾಗವನ್ನು ಬಿಟ್ಟುಕೊಡಲು ದಿಲ್ಲಿಯ ಒಪ್ಪಿಗೆ ಬೇಕು ಅಂತಾಯಿತು. ಮುಳುಗಡೆಯಿಂದ ಬಂದ ಎಷ್ಟೋ ಮನೆಗಳಿಗೆ ಹಕ್ಕುಪತ್ರದ ತಕರಾರು ಇವತ್ತಿಗೂ ಮುಗಿದಿಲ್ಲ. ನೀನು ಚಿಕ್ಕವಳಿದ್ದಾಗ ನಿನ್ನ ಅಜ್ಜ ಕೈಚೀಲದಲ್ಲಿ ಕಾಗದ ಹಿಡಿದುಕೊಂಡು ಬೆಳಿಗ್ಗೆ ಬಸ್ಸಿಗೆ ಹೋಗುತ್ತಿದ್ದರಲ್ಲ, ಅದು ಇದಕ್ಕೇ.

ಒಂದು ಸಲ ಈ ಫೋಟೋವನ್ನೂ ತೆಗೆದುಕೊಂಡು ಹೋಗಿದ್ದರು. ಅಲ್ಲಿದ್ದವರು ನೋಡಿ, ಇದರಲ್ಲಿ ಊರಿನ ಹೆಸರೆಲ್ಲಿದೆ, ಸರ್ವೆ ನಂಬರೆಲ್ಲಿದೆ ಅಂದರಂತೆ. ಅವರು ಹೇಳಿದ್ದು ಸರಿಯೇ. ಬರೀ ಮದುವೆ ಫೋಟೋ ಯಾವ ಊರಿನದ್ದು ಬೇಕಾದರೂ ಆಗಬಹುದು. ಆದರೆ ನಿನ್ನ ಅಜ್ಜ ಆವತ್ತು ಊಟ ಮಾಡಲಿಲ್ಲ. ನಾನು ಈಗ ಕೂತು ಕಂಬದ ಗಂಟು, ಮೊಳೆಯ ತೂತು, ಅಂಕಣದ ಅಳತೆ ಎಲ್ಲಾ ಬರೆದಿಡುತ್ತಿರುವುದು ಕಚೇರಿಗೆ ಕೊಡುವುದಕ್ಕೆ ಅಲ್ಲ. ನಿಮಗೆ ಗೊತ್ತಿರಲಿ ಅಂತ. ನಿಮ್ಮನ್ನು ಯಾರಾದರೂ ನೀವು ಎಲ್ಲಿಯವರು ಅಂದರೆ, ಕಾಡು ಒತ್ತುವರಿ ಮಾಡಿದವರು ಅಂತ ಅಂದರೆ, ಆರು ಕಂಬದ ಜಗುಲಿ ಬಿಟ್ಟು ಬಂದವರು ಅಂತ ಹೇಳಲು ಬರಬೇಕು.

2025ರಲ್ಲಿ ಆ ಹಿನ್ನೀರಿಗೆ ಸಿಗಂದೂರಿನ ಸೇತುವೆ ಆಯಿತಲ್ಲ, ಹೋದ ತಿಂಗಳು ನಾವು ಅದರ ಮೇಲೆ ಹೋದೆವು. ಎಷ್ಟು ವರ್ಷ ಲಾಂಚಿಗೆ ಕಾಯುತ್ತಿದ್ದೆವು. ಈಗ ಕಾರು ನಿಲ್ಲಿಸದೆ ದಾಟಿಬಿಟ್ಟೆವು. ನಿನ್ನ ಮಾವ ಫೋಟೋ ತೆಗೆಯಲಾ ಅಂದ. ಬೇಡ ಅಂದೆ, ನೀರು ಬಿಟ್ಟು ಅದರಲ್ಲಿ ಏನು ಬರುತ್ತದೆ.

ಇನ್ನು ನೀನು ಮಾಡಬೇಕಾದದ್ದು. ಮೂಲ ಫೋಟೋ ಗಾಜಿನ ಸಮೇತ ನನ್ನ ಕಬ್ಬಿಣದ ಪೆಟ್ಟಿಗೆಯಲ್ಲಿದೆ, ಹತ್ತಿಬಟ್ಟೆಯಲ್ಲಿ ಸುತ್ತಿದ್ದೇನೆ. ಹಳೇ ರಟ್ಟು ಬಿಸಾಡಿ ಹುಳಿ ಅಂಶ ಇಲ್ಲದ ಹೊಸ ರಟ್ಟು ಹಾಕಿಸಿದೆ. ಪ್ಲಾಸ್ಟಿಕ್ ಕವರಿಗೆ ಮಾತ್ರ ಹಾಕಬೇಡ, ಒಳಗೆ ಬೆವರುತ್ತದೆ. ಗೋಡೆಯ ಮೇಲೆ ಈಗ ಇರುವುದು ಹೊಸ ಪ್ರಿಂಟು. ಪೆನ್‌ಡ್ರೈವ್ ಒಂದು ನಿನಗೆ, ಒಂದು ನಿನ್ನ ಚಿಕ್ಕಮ್ಮನಿಗೆ. ವಾಟ್ಸಾಪಿನಲ್ಲಿ ಕಳಿಸಿದ್ದನ್ನು ನೋಡಿ ಇಷ್ಟೇ ಅಂದುಕೊಳ್ಳಬೇಡ, ಅದರಲ್ಲಿ ಜೋಗಿ ಜಡೆ ಬರೀ ಬಿಳಿ ಕಲೆಯಾಗಿ ಕಾಣುತ್ತದೆ. ಪ್ರಿಂಟಿನ ಹಿಂದೆ ಹೆಸರು ಬರೆಯುವುದಾದರೆ ಮೆತ್ತನೆಯ ಪೆನ್ಸಿಲಿನಲ್ಲಿ, ಅಂಚಿನ ಹತ್ತಿರ, ಒತ್ತದೆ ಬರೆ. ಬಾಲ್ ಪೆನ್ನಿನ ಗೆರೆ ಮುಂದಕ್ಕೆ ಎದ್ದು ಕಾಣುತ್ತದೆ.

ಹಿಂದಿನ ಸಾಲಿನಲ್ಲಿ ಬಲದಿಂದ ಎರಡನೆಯವಳು, ಚುಕ್ಕಿ ರವಿಕೆಯ ಹುಡುಗಿ, ಅವಳು ಯಾರು ಅಂತ ನನಗೆ ಗೊತ್ತಿಲ್ಲ. ಅಮ್ಮನನ್ನು ಕೇಳಿದಾಗ ಒಂದು ಸಲ ಪಕ್ಕದ ಮನೆಯವಳು ಅಂದಳು, ಇನ್ನೊಂದು ಸಲ ಅಪ್ಪನ ದೊಡ್ಡಮ್ಮನ ಮಗಳು ಅಂದಳು. ಆ ಪಕ್ಕದ ಮನೆಯವರು ಮುಳುಗಡೆಯಲ್ಲಿ ಬೇರೆ ಕಡೆ ಹೋದರು, ಆಮೇಲೆ ನಮಗೂ ಅವರಿಗೂ ಹೋಗಿಬರುವುದು ನಿಂತೇಹೋಯಿತು. ಗೊತ್ತಿರಬಹುದಾದವನು ಒಬ್ಬನೇ, ನಿನ್ನ ಚಿಕ್ಕಜ್ಜ. ಆಗ ಐದು ವರ್ಷದವನಾಗಿದ್ದರೂ ಅವನಿಗೆ ನೆನಪು ಚೆನ್ನಾಗಿದೆ. ದೀಪಾವಳಿಗೆ ಬಂದಾಗ ಹೊಸನಗರಕ್ಕೆ ಹೋಗಿ ಅವನ ಹತ್ತಿರ ಕೂತುಕೋ. ನಿನ್ನ ಲ್ಯಾಪ್‌ಟಾಪಿನಲ್ಲಿ ದೊಡ್ಡದು ಮಾಡಿ ತೋರಿಸು, ಕಣ್ಣು ಮಂಜಾಗಿದೆ ಅವನಿಗೆ. ಮೊದಲೇ ಹೆಸರು ಹೇಳಿ ಇವಳೇನಾ ಅಂತ ಕೇಳಬೇಡ, ಹೂಂ ಅಂದುಬಿಡುತ್ತಾನೆ. ಇವಳು ಯಾರು ಅಂತಷ್ಟೇ ಕೇಳಿ ಸುಮ್ನೆ ಇರು. ಜಗುಲಿಯ ಕಂಬದಿಂದ ಗೋಡೆಗೆ ಎಷ್ಟು ದೂರ ಇತ್ತು, ಮಕ್ಕಳು ಮಲಗಿದರೆ ಕಾಲು ಅಂಚಿಗೆ ತಾಗುತ್ತಿತ್ತಾ ಅಂತಲೂ ಕೇಳು. ಅದು ಸಿಕ್ಕಿದರೆ ಹಸೆಯ ಅಳತೆ ಹೆಚ್ಚುಕಡಿಮೆ ಅಂದಾಜು ಮಾಡಬಹುದು. ನಿನ್ನ ಮದುವೆಗೆ ಅದೇ ಅಳತೆಯಲ್ಲಿ ಬರೆಯುತ್ತೇನೆ, ಬಲಗಡೆಯ ಅಂಚಿಗೂ ಮೂರು ಎಳೆ ಹಾಕಿ.

ನಿನ್ನ
ಅಜ್ಜಿ